ಹಿಂದೆ ಬಿದ್ದ ಪ್ರಾಜೆಕ್ಟನ್ನು ಹಿಡಿತಕ್ಕೆ ತರುವುದು ಹೇಗೆ? ಪ್ರಾಜೆಕ್ಟ್ ಮ್ಯಾನೇಜರ್‌ನ ಮೂರು ಕೌಶಲಗಳು, ಬಳಸಬೇಕಾದ ಕ್ರಮದಲ್ಲಿ

ಪ್ರಾಜೆಕ್ಟ್ ಮ್ಯಾನೇಜರ್‌ಗೆ ಮೂರು ಬಗೆಯ ಕೌಶಲ ಬೇಕು ಅನ್ನುವುದು ಈ ಕೆಲಸಕ್ಕೆ ಬಂದ ಎಲ್ಲರಿಗೂ ಗೊತ್ತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 2015ರಲ್ಲಿ ಇವನ್ನು ಒಂದು ತ್ರಿಕೋನವಾಗಿ ತೋರಿಸಿತು: ತಾಂತ್ರಿಕ ಕೌಶಲ, ನಾಯಕತ್ವ, ಮತ್ತು ವ್ಯವಹಾರದ ದೃಷ್ಟಿ. 2022ರಲ್ಲಿ ಹೆಸರುಗಳು ಬದಲಾದವು, ತ್ರಿಕೋನ ಉಳಿಯಿತು. ಪರೀಕ್ಷೆಗೆ ಓದುವಾಗ ಇದು ಸಲೀಸಾಗಿ ತಲೆಗೆ ಹೋಗುತ್ತದೆ.

ಜನ ಎಡವುವುದು ಬೇರೆ ಕಡೆ. ಪ್ರಾಜೆಕ್ಟ್ ಅರ್ಧ ದಾರಿಗೆ ಬಂದಿದೆ, ಹಿಂದೆ ಬಿದ್ದಿದೆ ಅಂತ ಒಳಗೊಳಗೇ ಅನ್ನಿಸುತ್ತಿದೆ. ಆಗ ಮೊದಲು ಏನು ಮಾಡಬೇಕು? ಕೆಲವರು ನೇರವಾಗಿ ಮೇಲಿನವರ ಬಳಿ ಓಡಿ ಗಡುವು ಮುಂದೂಡಿ ಅನ್ನುತ್ತಾರೆ. ಕೆಲವರು ತಂಡದವರನ್ನು ಕೂಡಿಸಿ ಇನ್ನು ಶನಿವಾರವೂ ಬರಬೇಕು ಅನ್ನುತ್ತಾರೆ. ಇನ್ನು ಕೆಲವರು ಹೊಸ ಸಾಫ್ಟ್‌ವೇರ್ ಹಾಕಿ ಚಾರ್ಟ್ ಬಿಡಿಸುತ್ತಾ ಕೂರುತ್ತಾರೆ. ಮೂರೂ ಬೇಕಾದ ಕೌಶಲಗಳೇ, ಆದರೆ ಮೊದಲ ಎರಡು ಬಗೆಯವರ ಕ್ರಮ ತಪ್ಪಿದೆ, ಮೂರನೆಯವರು ಚಾರ್ಟಿನಲ್ಲೇ ನಿಂತುಬಿಟ್ಟಿದ್ದಾರೆ. ಮೊದಲು ಲೆಕ್ಕ, ಆಮೇಲೆ ಜನ, ಕೊನೆಗೆ ವ್ಯವಹಾರ. ಹಿಂದೆ ಬಿದ್ದ ಪ್ರಾಜೆಕ್ಟಿನಲ್ಲಿ ಈ ಕ್ರಮ ಮುಖ್ಯ ಅಂತ ನಾನು ಕಲಿತದ್ದು ಒಂದು ಕಂಪನಿಯ ಬಿಲ್ಲಿಂಗ್ ಪ್ರಾಜೆಕ್ಟಿನಲ್ಲಿ. ಅದನ್ನೇ ಇಲ್ಲಿ ಹಂತ ಹಂತವಾಗಿ ಬಿಡಿಸಿಡುತ್ತೇನೆ.

## ಉದಾಹರಣೆಯ ಪ್ರಾಜೆಕ್ಟ್

ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ತೆಗೆದು ಹೊಸದನ್ನು ತರಬೇಕು. ಆರು ಜನ, 20 ವಾರ. ವಾರಕ್ಕೆ ಐದು ದಿನದಂತೆ ಒಟ್ಟು 600 ಆಳುದಿನ. (ಒಬ್ಬರು ಒಂದು ದಿನ ಮಾಡುವ ಕೆಲಸ ಒಂದು ಆಳುದಿನ.) ಕೆಲಸಗಳು ಇಷ್ಟು:

- ಹಳೆಯ ಡೇಟಾ ಶುಚಿ ಮಾಡುವುದು: 70 ಆಳುದಿನ, 6 ವಾರ
- ಡೇಟಾ ವರ್ಗಾವಣೆ: 60 ಆಳುದಿನ, 4 ವಾರ
- ಹೊಸ ಪರದೆಗಳು: 110 ಆಳುದಿನ
- ವರದಿಗಳು: 60 ಆಳುದಿನ
- ಪರೀಕ್ಷೆ: 150 ಆಳುದಿನ, 5 ವಾರ
- ಹಳೆಯದು, ಹೊಸದು ಎರಡನ್ನೂ ಜೊತೆಗೆ ಓಡಿಸಿ ತಾಳೆ ನೋಡುವುದು: 90 ಆಳುದಿನ, 3 ವಾರ
- ಸಿಬ್ಬಂದಿಗೆ ತರಬೇತಿ: 60 ಆಳುದಿನ, 2 ವಾರ

ಮೊದಲ ನಾಲ್ಕು ಕೆಲಸ 10ನೇ ವಾರಕ್ಕೆ ಮುಗಿಯಬೇಕಿತ್ತು. ಅವುಗಳ ಮೊತ್ತ 300 ಆಳುದಿನ, ಅಂದರೆ ಸರಿಯಾಗಿ ಅರ್ಧ. 10ನೇ ವಾರದ ಕೊನೆಗೆ ನಮ್ಮ ವರದಿಯಲ್ಲಿ ಮೂರು ಕೆಲಸ ಮುಗಿದಿತ್ತು, ವರ್ಗಾವಣೆ "70 ಪರ್ಸೆಂಟ್ ಆಗಿದೆ" ಅಂತಿತ್ತು. ನೋಡಿದರೆ ಚಿಂತೆ ಮಾಡುವಂಥದ್ದೇನೂ ಇಲ್ಲ ಅನ್ನಿಸುತ್ತದೆ, ಅಲ್ವಾ?

## ಬೇಕಾದ ಸಾಮಾನು

ಒಂದು ಸ್ಪ್ರೆಡ್‌ಶೀಟ್. ಗೋಡೆಗೆ ಅಂಟಿಸುವ ಚೀಟಿಗಳು. ತಂಡದ ಒಬ್ಬೊಬ್ಬರ ಜೊತೆ ಕೂರಲು ಅರ್ಧರ್ಧ ಗಂಟೆ. ಪ್ರಾಜೆಕ್ಟ್ ಶುರುವಾದಾಗ ಒಪ್ಪಿಗೆ ಪಡೆದ ಮೂಲ ಯೋಜನೆ, ಅಂದರೆ ಬೇಸ್‌ಲೈನ್. ಇದಿಲ್ಲದಿದ್ದರೆ ಎಷ್ಟು ಹಿಂದೆ ಬಿದ್ದಿದ್ದೀರಿ ಅಂತ ಹೇಳಲು ದಾರಿಯೇ ಇಲ್ಲ. ಹಾಗಿದ್ದರೆ ಮೊದಲ ಅನುಮೋದನೆಯ ಪತ್ರ ಹುಡುಕಿ, ಅದರಿಂದಲೇ ಯೋಜನೆಯನ್ನು ಮತ್ತೆ ಕಟ್ಟಿಕೊಳ್ಳಿ.

## ಹಂತ 1: ಪರ್ಸೆಂಟ್ ಲೆಕ್ಕ ಬಿಟ್ಟು, ಮುಗಿದದ್ದನ್ನು ಮಾತ್ರ ಎಣಿಸಿ

"70 ಪರ್ಸೆಂಟ್" ಅಂದರೆ ಏನು? ಹೇಳಿದವರ ಮನಸ್ಸಿನ ಅಂದಾಜು, ಅಷ್ಟೇ. ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಕಷ್ಟದ ಭಾಗ ಇನ್ನೂ ಕಣ್ಣಿಗೆ ಬೀಳದಿದ್ದಾಗ ಎಲ್ಲರಿಗೂ ಕೆಲಸ ಮುಗಿಯುತ್ತಾ ಬಂತು ಅನ್ನಿಸುತ್ತದೆ.

ಹಾಗಾಗಿ ಸೊನ್ನೆ ಅಥವಾ ನೂರು ಅನ್ನುವ ನಿಯಮ ಬಳಸಿ. ಕೆಲಸ ಪೂರ್ತಿ ಮುಗಿದು, ಬೇರೊಬ್ಬರು ನೋಡಿ ಒಪ್ಪಿದ್ದರೆ ಅದರ ಆಳುದಿನಗಳಷ್ಟೂ ಖಾತೆಗೆ ಬರುತ್ತವೆ. ಇಲ್ಲದಿದ್ದರೆ ಸೊನ್ನೆ. ಈ ನಿಯಮ ಸಣ್ಣ ಕೆಲಸಗಳಿಗೆ ಚೆನ್ನಾಗಿ ಒಗ್ಗುತ್ತದೆ. 60 ಆಳುದಿನದ ಕೆಲಸವೊಂದನ್ನು ಸೊನ್ನೆ ಅನ್ನುವುದು ಕಠಿಣವೇ. ಅದನ್ನು ಮೊದಲೇ ಎಂಟು ಹತ್ತು ತುಂಡು ಮಾಡಿಟ್ಟಿದ್ದರೆ ಲೆಕ್ಕ ಇನ್ನೂ ನಿಖರವಾಗುತ್ತಿತ್ತು. ನಾವು ಮಾಡಿರಲಿಲ್ಲ, ಅದು ನನ್ನ ತಪ್ಪು.

ವರ್ಗಾವಣೆಯಲ್ಲಿ ಸ್ಕ್ರಿಪ್ಟ್ ಬರೆದಾಗಿತ್ತು. ಆದರೆ ಹೊಸ ವ್ಯವಸ್ಥೆಗೆ ಬಂದು, ಹಳೆಯದರ ಜೊತೆ ತಾಳೆಯಾದ ಗ್ರಾಹಕರ ಖಾತೆ ಒಂದೂ ಇರಲಿಲ್ಲ. ಹಾಗಾಗಿ ಸೊನ್ನೆ. ಉಳಿದ ಮೂರು ಕೆಲಸ ಸೇರಿ 240 ಆಳುದಿನದ ಕೆಲಸ ಕೈಗೆ ಬಂದಿತ್ತು. ಖರ್ಚಾಗಿದ್ದು 300.

ಎಚ್ಚರಿಕೆಯ ಲಕ್ಷಣ: ಒಂದೇ ಕೆಲಸ ಎರಡು ವಾರ ಸತತವಾಗಿ 70, 75, 80 ಅಂತ ತೆವಳುತ್ತಿದ್ದರೆ ಅಲ್ಲಿ ಹೇಳದ ಸಮಸ್ಯೆ ಇದೆ.

## ಹಂತ 2: ಮೂರು ಭಾಗಾಕಾರ ಮಾಡಿ

ಇದಕ್ಕೆ ಅರ್ನ್‌ಡ್ ವ್ಯಾಲ್ಯೂ ಅನ್ನುತ್ತಾರೆ. ಹೆಸರು ದೊಡ್ಡದು, ಲೆಕ್ಕ ಸಣ್ಣದು. EV ಅಂದರೆ ಮುಗಿದ ಕೆಲಸದ ಬೆಲೆ, AC ಅಂದರೆ ಆದ ಖರ್ಚು, BAC ಅಂದರೆ ಒಟ್ಟು ಬಜೆಟ್.

```
CPI  = EV / AC = 240 / 300 = 0.8
EAC  = BAC / CPI = 600 / 0.8 = 750
TCPI = (BAC - EV) / (BAC - AC) = 360 / 300 = 1.2
```

ಮೊದಲ ಸಾಲು ಹೇಳುವುದು ಇಷ್ಟು: ಒಂದು ದಿನ ಖರ್ಚು ಮಾಡಿದಾಗ 0.8 ದಿನದ ಕೆಲಸ ಸಿಗುತ್ತಿದೆ. ಇದೇ ವೇಗದಲ್ಲಿ ಹೋದರೆ ಒಟ್ಟು 750 ಆಳುದಿನ ಬೇಕು ಅಂತ ಎರಡನೆಯದು ಹೇಳುತ್ತದೆ. ವಾರಕ್ಕೆ 30 ಆಳುದಿನದಂತೆ 25 ವಾರ.

ಮೂರನೆಯ ಸಾಲನ್ನು ಎಷ್ಟೋ ಜನ ನೋಡುವುದೇ ಇಲ್ಲ. ನನಗೆ ಮಾತ್ರ ಅದೇ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು. ಹೇಳಿದ ಬಜೆಟ್ಟಿನಲ್ಲೇ ಮುಗಿಸಬೇಕಾದರೆ ಇನ್ನು ಮುಂದೆ ಒಂದು ದಿನದಲ್ಲಿ 1.2 ದಿನದ ಕೆಲಸ ಆಗಬೇಕು. ಇಲ್ಲಿಯವರೆಗೆ 0.8 ಆಗುತ್ತಿದ್ದ ತಂಡ ನಾಳೆಯಿಂದ 1.2ಕ್ಕೆ ಹೋಗಬೇಕು ಅಂದರೆ ಒಂದೂವರೆ ಪಟ್ಟು ವೇಗ. "ಮುಂದೆ ಸರಿದೂಗಿಸಿಕೊಳ್ಳೋಣ ಬಿಡಿ" ಅಂತ ಯಾರಾದರೂ ಹೇಳಿದರೆ ಈ ಅಂಕಿ ತೋರಿಸಿ. ಯಾವ ಕಾರಣಕ್ಕೆ ಆ ವೇಗ ಬರುತ್ತದೆ ಅಂತ ಕೇಳಿ.

## ಹಂತ 3: ಕ್ರಿಟಿಕಲ್ ಪಾತ್ ಗೋಡೆಗೆ ಅಂಟಿಸಿ

ಮೇಲಿನ ಲೆಕ್ಕಕ್ಕೆ ಒಂದು ಮಿತಿ ಇದೆ. ಯಾವ ಕೆಲಸ ಯಾವುದಕ್ಕೆ ಕಾಯುತ್ತಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಬೇಡದ ಕೆಲಸ ಬೇಗ ಮುಗಿಸಿದರೂ ಅದು ಅಂಕಿ ಕೊಡುತ್ತದೆ. ಹಾಗಾಗಿ ಉಳಿದ ಕೆಲಸಗಳನ್ನು ಚೀಟಿಯಲ್ಲಿ ಬರೆದು, ಒಂದರ ಹಿಂದೆ ಒಂದು ಬರಲೇಬೇಕಾದವನ್ನು ಸಾಲಾಗಿ ಅಂಟಿಸಿ. ಎಲ್ಲಕ್ಕಿಂತ ಉದ್ದದ ಸಾಲೇ ಕ್ರಿಟಿಕಲ್ ಪಾತ್. ಅದರ ಮೇಲೆ ಒಂದು ದಿನ ತಡವಾದರೆ ಪ್ರಾಜೆಕ್ಟೇ ಒಂದು ದಿನ ತಡ.

ನಮ್ಮಲ್ಲಿ ಆ ಸಾಲು ಇದು: ವರ್ಗಾವಣೆ 4, ಪರೀಕ್ಷೆ 5, ಜೊತೆಗೆ ಓಡಿಸುವುದು 3, ತರಬೇತಿ 2. ಒಟ್ಟು 14 ವಾರ. 10ನೇ ವಾರದಿಂದ ಎಣಿಸಿದರೆ 24ನೇ ವಾರ. ಆ ಲೆಕ್ಕ 25 ಅಂದಿತ್ತು, ಈ ಲೆಕ್ಕ 24 ಅನ್ನುತ್ತಿದೆ. ಎರಡು ಬೇರೆ ದಾರಿಯಿಂದ ಬಂದ ಉತ್ತರ ಹತ್ತಿರ ಹತ್ತಿರ ಇದ್ದರೆ ನಂಬಬಹುದು. ತುಂಬಾ ದೂರ ಇದ್ದರೆ ಎಲ್ಲೋ ಒಂದು ಕೆಲಸ ಬಿಟ್ಟುಹೋಗಿದೆ, ಹುಡುಕಿ.

ಗೋಡೆ ನೋಡುತ್ತಾ ನಿಂತಾಗ ಇನ್ನೊಂದು ಸಂಗತಿ ಕಂಡಿತು. ವರದಿಗಳು ಬೇಕಾಗಿದ್ದದ್ದು 15ನೇ ವಾರ ಮುಗಿದ ಮೇಲೆ, ಎರಡೂ ವ್ಯವಸ್ಥೆ ಜೊತೆಗೆ ಓಡುವಾಗ. ಅವು 10ನೇ ವಾರಕ್ಕೇ ತಯಾರಾಗಿ ಕೂತಿದ್ದವು. ಅಲ್ಲಿ ಕೆಲಸ ಮಾಡಿದ ಇಬ್ಬರನ್ನು ವರ್ಗಾವಣೆಗೆ ಹಾಕಬಹುದಿತ್ತು. ಬೇಗ ಮುಗಿದ ಕೆಲಸ ನೋಡಿ ನಾವು ಖುಷಿಪಟ್ಟೆವು, ತಡವಾಗುತ್ತಿದ್ದ ಕೆಲಸ ಪಕ್ಕದಲ್ಲೇ ಇತ್ತು.

ಸಾಮಾನ್ಯ ತಪ್ಪು: ಇಷ್ಟು ಗೊತ್ತಾದ ಕೂಡಲೇ ಮೇಲಿನವರಿಗೆ ಮೇಲ್ ಹಾಕುವುದು. ಎಷ್ಟು ತಡ ಅಂತ ಗೊತ್ತಾಗಿದೆ, ಯಾಕೆ ತಡ ಅಂತ ಗೊತ್ತಾಗಿಲ್ಲ. ಇನ್ನೂ ತಡೆಯಿರಿ.

## ಹಂತ 4: ಒಬ್ಬೊಬ್ಬರ ಜೊತೆ ಕೂತು ಕಾರಣ ಕೇಳಿ

ಇಲ್ಲಿಂದ ನಾಯಕತ್ವದ ಕೆಲಸ. ಮೊದಲ ನಿಯಮ: ವಾರದ ಮೀಟಿಂಗಿನಲ್ಲಿ ಎಲ್ಲರ ಮುಂದೆ ಕೇಳಬೇಡಿ. ಐದು ಜನರ ಎದುರು "ಆಯ್ತಾ?" ಅಂತ ಕೇಳಿದರೆ ಬರುವ ಉತ್ತರ ಒಂದೇ, "ಆಗ್ತಾ ಇದೆ."

ವರ್ಗಾವಣೆ ನೋಡುತ್ತಿದ್ದ ಸಹೋದ್ಯೋಗಿಯ ಪಕ್ಕ ಕುರ್ಚಿ ಎಳೆದು ಕೂತೆ. ಆಯ್ತಾ ಅಂತ ಕೇಳಲಿಲ್ಲ. "ನಿನ್ನೆ ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಸ್ವಲ್ಪ ತೋರಿಸಿ" ಅಂದೆ.

ಅವರು ಎರಡು ಪರದೆ ತೆರೆದರು. ಹಳೆಯದರಲ್ಲಿ ಗ್ರಾಹಕರ ಒಟ್ಟು ಬಾಕಿ ಒಂದು ಮೊತ್ತ, ಹೊಸದರಲ್ಲಿ ಇನ್ನೊಂದು. "ತಾಳೆ ಆಗ್ತಿಲ್ಲ ಮೇಡಂ. ಮುಂಗಡ ಕಟ್ಟಿದವರದ್ದು ಎಲ್ಲಿ ಅಂತ ನೋಡಿ." ಒಂದು ಖಾತೆ ತೆರೆದು ಬೆರಳಿಟ್ಟು ತೋರಿಸಿದರು. ಮುಂಗಡ ಹಣಕ್ಕೆ ಹಳೆಯ ಸಾಫ್ಟ್‌ವೇರಿನಲ್ಲಿ ಜಾಗವೇ ಇರಲಿಲ್ಲ. ಅಲ್ಲಿನ ಸಿಬ್ಬಂದಿ ವರ್ಷಗಟ್ಟಲೆ ಅದನ್ನು ಷರಾ ಕಾಲಂನಲ್ಲಿ ಕೈಯಿಂದ ಬರೆದಿಟ್ಟಿದ್ದರು. ಒಬ್ಬರು "ಮುಂಗಡ 3 ತಿಂಗಳು" ಅಂತ, ಇನ್ನೊಬ್ಬರು "ಅಡ್ವಾನ್ಸ್ ಇದೆ, ಕೇಳಿ" ಅಂತ, ಮತ್ತೊಬ್ಬರು ಬರೀ ಒಂದು ತಾರೀಕು. ಇದನ್ನು ಸ್ಕ್ರಿಪ್ಟ್ ಹೇಗೆ ಓದುತ್ತದೆ?

"ಯಾವಾಗಿಂದ ಗೊತ್ತು?" ಅಂದೆ.

"ಮೂರು ವಾರ ಆಯ್ತು ಮೇಡಂ. ಮೀಟಿಂಗಲ್ಲಿ ಹೇಳೋಕೆ ಹೋದೆ. ಅದೆಲ್ಲ ಆಮೇಲೆ ನೋಡೋಣ, ಪರ್ಸೆಂಟ್ ಎಷ್ಟು ಹೇಳಿ ಅಂದ್ರಿ."

ಹೌದು, ಹಾಗೆ ಅಂದಿದ್ದು ನಾನೇ. ಆ ಮೂರು ವಾರ ತಂಡ ಕಳೆದದ್ದಲ್ಲ, ನಾನು ಕಳೆದದ್ದು. ಅದನ್ನು ಅವರಿಗೆ ಅಲ್ಲೇ ಹೇಳಿದೆ, ಮರುದಿನ ಎಲ್ಲರ ಮುಂದೆಯೂ ಹೇಳಿದೆ. ಇದು ಸುಮ್ನೆ ಒಳ್ಳೆಯತನಕ್ಕೆ ಹೇಳುವ ಮಾತಲ್ಲ. ಕೆಟ್ಟ ಸುದ್ದಿ ತಂದವರಿಗೆ ಪೆಟ್ಟು ಬೀಳುವುದಿಲ್ಲ ಅಂತ ಕಣ್ಣಾರೆ ಕಂಡರೆ ಉಳಿದವರೂ ಬಾಯಿ ಬಿಡುತ್ತಾರೆ. ಅದೇ ವಾರ ಪರೀಕ್ಷೆ ನೋಡಿಕೊಳ್ಳುವವರು ಬಂದು, ತಮಗೆ ಬೇಕಾದ ಮಾದರಿ ಬಿಲ್ಲುಗಳನ್ನು ಯಾರೂ ಕೊಟ್ಟಿಲ್ಲ ಅಂದರು. ಅದು 14ನೇ ವಾರದಲ್ಲಿ ಸಿಡಿಯಬೇಕಿದ್ದ ಸಮಸ್ಯೆ.

ಒಬ್ಬೊಬ್ಬರಿಗೂ ಮೂರು ಪ್ರಶ್ನೆ ಸಾಕು. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ? ಯಾರಿಗಾಗಿ ಕಾಯುತ್ತಿದ್ದೀರಿ? ನಿಮ್ಮ ಕೈಗೆ ಬಿಟ್ಟರೆ ಮೊದಲು ಏನು ಬದಲಿಸುತ್ತೀರಿ? ಉತ್ತರ ಬಂದಾಗ ನಡುವೆ ಪರಿಹಾರ ಹೇಳಬೇಡಿ, ಬರೆದುಕೊಳ್ಳಿ. ಮೂರನೆಯ ಪ್ರಶ್ನೆಗೆ ವರ್ಗಾವಣೆಯ ಸಹೋದ್ಯೋಗಿ ಕೊಟ್ಟ ಉತ್ತರವೇ ಮುಂದೆ ಪ್ರಾಜೆಕ್ಟನ್ನು ಉಳಿಸಿತು: "ಮುಂಗಡ ಇಲ್ಲದ ಖಾತೆ ಐದರಲ್ಲಿ ನಾಲ್ಕು ಪಾಲು ಇವೆ. ಅವನ್ನ ಎರಡು ವಾರದಲ್ಲಿ ತರಬಹುದು. ಎಲ್ಲಾ ಒಟ್ಟಿಗೇ ಬರಬೇಕು ಅಂದ್ರೆ ಮಾತ್ರ ನಾಲ್ಕು ವಾರ."

ಎಚ್ಚರಿಕೆಯ ಲಕ್ಷಣ: ಎಲ್ಲರೂ "ಏನೂ ತೊಂದರೆ ಇಲ್ಲ" ಅಂದರೆ ಅವರು ನಿಮ್ಮನ್ನು ಇನ್ನೂ ನಂಬಿಲ್ಲ ಅಂತ ಅರ್ಥ.

## ಹಂತ 5: ಗಡುವಿನ ಹಿಂದೆ ಏನಿದೆ ಅಂತ ಪತ್ತೆ ಮಾಡಿ

ಈಗ ಸ್ಪಾನ್ಸರ್ ಬಳಿ ಹೋಗಿ. ಹಣ ಕೊಟ್ಟವರು, ಪ್ರಾಜೆಕ್ಟಿನಿಂದ ಲಾಭ ಪಡೆಯುವವರು ಅವರೇ. ನಮ್ಮಲ್ಲಿ ಹಣಕಾಸು ವಿಭಾಗದ ಮುಖ್ಯಸ್ಥರು. ಈ ಮೊದಲ ಭೇಟಿಯಲ್ಲಿ ವಿಳಂಬದ ಅಂಕಿ ಹೇಳಿ, ಆದರೆ ಪರಿಹಾರ ಕೇಳಬೇಡಿ, ಕೊಡಲೂಬೇಡಿ. ಒಂದೇ ಪ್ರಶ್ನೆ ಕೇಳಿ: ಈ ತಾರೀಕು ದಾಟಿದರೆ ವ್ಯವಹಾರಕ್ಕೆ ಏನಾಗುತ್ತದೆ?

20ನೇ ವಾರ ಯಾಕೆ ಅಂತ ಅಷ್ಟು ದಿನ ನಾನು ಕೇಳಿರಲೇ ಇಲ್ಲ. ಅವರ ಉತ್ತರ ಕೇಳಿ ಚಿತ್ರವೇ ಬದಲಾಯಿತು. ಕಂಪನಿ ಹೊಸ ದರಪಟ್ಟಿ ತರುತ್ತಿತ್ತು. ಅದರ ಲೆಕ್ಕ ಹಳೆಯ ಸಾಫ್ಟ್‌ವೇರಿಗೆ ಬರುತ್ತಿರಲಿಲ್ಲ. ಹೊಸ ದರದ ಮೊದಲ ಬಿಲ್ಲು 21ನೇ ವಾರ ಮುಗಿಯುವುದರೊಳಗೆ ಹೋಗಲೇಬೇಕು. ಆ ದರ ಯಾರಿಗೆ? ತಿಂಗಳು ತಿಂಗಳು ಕಟ್ಟುವವರಿಗೆ ಮಾತ್ರ. ಮುಂಗಡ ಕಟ್ಟಿದವರಿಗೆ ಅವರ ಅವಧಿ ಮುಗಿಯುವ ತನಕ ಹಳೆಯ ದರವೇ.

ಅಂದರೆ ನಮ್ಮನ್ನು ತಡೆದು ನಿಲ್ಲಿಸಿದ್ದ ಗ್ರಾಹಕರಿಗೂ ಆ ಗಡುವಿಗೂ ಸಂಬಂಧವೇ ಇರಲಿಲ್ಲ! ಇದು ಯೋಜನೆಯ ಯಾವ ಹಾಳೆಯಲ್ಲೂ ಇರಲಿಲ್ಲ. ಸ್ಪಾನ್ಸರಿಗೆ ಷರಾ ಕಾಲಂ ಗೊತ್ತಿರಲಿಲ್ಲ, ನನ್ನ ತಂಡಕ್ಕೆ ದರಪಟ್ಟಿ ಗೊತ್ತಿರಲಿಲ್ಲ. ಎರಡೂ ಕಡೆ ಕೂತು ಕೇಳುವ ಕೆಲಸ ಇದ್ದದ್ದು ನನಗೊಬ್ಬಳಿಗೇ. ವ್ಯವಹಾರದ ದೃಷ್ಟಿ ಅಂದರೆ ನನ್ನ ಮಟ್ಟಿಗೆ ಇದೇ.

## ಹಂತ 6: ಮೂರು ದಾರಿ ಬರೆದು, ಒಂದನ್ನು ಶಿಫಾರಸು ಮಾಡಿ

ಎರಡನೆಯ ಭೇಟಿಗೆ ಒಂದೇ ಪುಟ ಒಯ್ಯಿರಿ. ಪ್ರತಿ ದಾರಿಗೂ ತಾರೀಕು, ಬೆಲೆ, ಅಪಾಯ ಬರೆದಿರಲಿ.

ಮೊದಲ ದಾರಿ: ಎಲ್ಲವನ್ನೂ ಒಟ್ಟಿಗೆ ತರುವುದು. 24ನೇ ವಾರ. ತರಬೇತಿಯನ್ನು ಕೊನೆಗೆ ಇಡದೆ, ಎರಡೂ ವ್ಯವಸ್ಥೆ ಓಡುವ ಮೂರು ವಾರದಲ್ಲೇ ನಡೆಸಿದರೆ 22. ಆದರೂ ಹೊಸ ದರದ ಗಡುವು ತಪ್ಪುತ್ತದೆ.

ಎರಡನೆಯ ದಾರಿ: ಜನ ಜಾಸ್ತಿ ಮಾಡುವುದು. ಇದನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ, ಅದಕ್ಕೇ ಪುಟದಲ್ಲಿ ಇರಬೇಕು. ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಅಂತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರು. ಆರು ಜನರ ನಡುವೆ ಮಾತುಕತೆಯ ಜೋಡಿಗಳು 15. ಮೂವರನ್ನು ಸೇರಿಸಿದರೆ 36. ಹೊಸಬರಿಗೆ ಹೇಳಿಕೊಡಬೇಕಾದವರು ಕ್ರಿಟಿಕಲ್ ಪಾತ್ ಮೇಲೆ ಕೂತಿರುವ ಅದೇ ಸಹೋದ್ಯೋಗಿ. ಕೆಲಸವನ್ನು ಬಿಡಿಬಿಡಿಯಾಗಿ ಹಂಚುವಂತಿದ್ದರೆ ಈ ಮಾತು ಅಷ್ಟಾಗಿ ಅನ್ವಯಿಸುವುದಿಲ್ಲ, ಅದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಷರಾ ಓದಿ ಪಟ್ಟಿ ಮಾಡುವುದು ಅಂಥ ಕೆಲಸ. ಅದಕ್ಕೆ ಬಿಲ್ಲಿಂಗ್ ವಿಭಾಗದ ಇಬ್ಬರನ್ನು ಕೇಳಿದೆವು. ಬರೆದವರಿಗೇ ಅದರ ಅರ್ಥ ಗೊತ್ತು.

ಮೂರನೆಯ ದಾರಿ: ಎರಡು ಕಂತಿನಲ್ಲಿ ತರುವುದು. ಮುಂಗಡ ಇಲ್ಲದವರ ವರ್ಗಾವಣೆ 2 ವಾರ, ಪರೀಕ್ಷೆ 5, ಜೊತೆಗೆ ಓಡಿಸುವುದು 3, ಅದರೊಳಗೇ ತರಬೇತಿ. 20ನೇ ವಾರಕ್ಕೆ ಸರಿ. ಉಳಿದವರು 24ನೇ ವಾರಕ್ಕೆ. ಬೆಲೆ ಏನು? ನಾಲ್ಕು ವಾರ ಸಿಬ್ಬಂದಿ ಎರಡು ಕಡೆ ನೋಡಬೇಕು. ಒಬ್ಬ ಗ್ರಾಹಕರು ಎರಡೂ ಪಟ್ಟಿಗೆ ಸೇರಿದರೆ ಎರಡು ಬಿಲ್ಲು ಹೋಗುವ ಅಪಾಯ ಇದೆ. ಜೊತೆಗೆ ಓಡಿಸುವಾಗ ಸಿಕ್ಕ ತಪ್ಪಿನಿಂದ ಪರದೆ ಬದಲಾದರೆ ತರಬೇತಿ ಮತ್ತೆ ಕೊಡಬೇಕಾಗಬಹುದು.

ಪರೀಕ್ಷೆಯ ಐದು ವಾರವನ್ನು ಮೂರು ಮಾಡೋಣ ಅನ್ನುವ ದಾರಿಯನ್ನು ನಾನು ಪುಟದಲ್ಲಿ ಇಡಲೇ ಇಲ್ಲ. ಹಣದ ಲೆಕ್ಕ ಇರುವ ಕಡೆ ಅದು ದಾರಿ ಅಲ್ಲ. ನಿಮಗೆ ಒಪ್ಪಿಗೆ ಇಲ್ಲದ ದಾರಿಯನ್ನು ಸುಮ್ನೆ ಸಂಖ್ಯೆಗೆ ಅಂತ ಸೇರಿಸಬೇಡಿ, ಅದನ್ನೇ ಆರಿಸಿಬಿಡುತ್ತಾರೆ.

ಕೊನೆಯ ಸಾಲಿನಲ್ಲಿ ನಿಮ್ಮ ಶಿಫಾರಸು, ಮತ್ತು ಯಾವ ದಿನದೊಳಗೆ ತೀರ್ಮಾನ ಬೇಕು ಅನ್ನುವುದು. ತೀರ್ಮಾನ ಒಂದು ವಾರ ತಡವಾದರೆ ಮೂರನೆಯ ದಾರಿ 21ನೇ ವಾರಕ್ಕೆ ಹೋಗುತ್ತದೆ, ಅದರಾಚೆಗೆ ಒಂದು ದಿನವೂ ಕೈಯಲ್ಲಿ ಉಳಿಯುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದೆ. ಎರಡು ದಿನದಲ್ಲಿ ಮೂರನೆಯ ದಾರಿಗೆ ಒಪ್ಪಿಗೆ ಬಂತು.

## ಹಂತ 7: ಹೊಸ ಯೋಜನೆ ಹಾಕಿ, ವಾರಕ್ಕೊಮ್ಮೆ ಅದೇ ಲೆಕ್ಕ ಮಾಡಿ

ಒಪ್ಪಿಗೆ ಲಿಖಿತವಾಗಿ ಬರಲಿ. ಆಮೇಲೆ ಉಳಿದ ಕೆಲಸಗಳನ್ನು ತುಂಡು ಮಾಡಿ, ಯಾವುದೂ 10 ಆಳುದಿನ ದಾಟದ ಹಾಗೆ. ಆಗ ಸೊನ್ನೆ ಅಥವಾ ನೂರು ಅನ್ನುವ ನಿಯಮ ವಾರ ವಾರವೂ ನಿಜ ಹೇಳುತ್ತದೆ. ಮೀಟಿಂಗಿನಲ್ಲಿ ಪರ್ಸೆಂಟ್ ಕೇಳುವುದನ್ನು ನಿಲ್ಲಿಸಿ. "ಈ ವಾರ ಯಾವ ಚೀಟಿ ಮುಗಿಯಿತು, ಯಾವುದು ಸಿಕ್ಕಿಹಾಕಿಕೊಂಡಿದೆ" ಅಂತ ಮಾತ್ರ ಕೇಳಿ.

ನಮ್ಮ ಮೊದಲ ಕಂತು 20ನೇ ವಾರಕ್ಕೆ ಹೋಯಿತು. ಎರಡನೆಯದು 24ಕ್ಕೆ ಬರಲಿಲ್ಲ, 25ಕ್ಕೆ ಬಂತು. ಷರಾದಲ್ಲಿ ಬರೀ ತಾರೀಕು ಇದ್ದ ಖಾತೆಗಳಿಗೆ ಗ್ರಾಹಕರನ್ನೇ ಫೋನ್ ಮಾಡಿ ಕೇಳಬೇಕಾಯಿತು. ಆದರೆ ಆ ಒಂದು ವಾರದ ವಿಳಂಬ ನಮಗೆ 22ನೇ ವಾರದಲ್ಲೇ ಗೊತ್ತಿತ್ತು, ಸ್ಪಾನ್ಸರಿಗೂ ಗೊತ್ತಿತ್ತು.

ಹಳೆಯ ಬೇಸ್‌ಲೈನನ್ನು ಅಳಿಸಬೇಡಿ. ಹೊಸದರ ಪಕ್ಕದಲ್ಲೇ ಇಡಿ, ಯಾವ ದಿನ, ಯಾಕೆ ಬದಲಾಯಿತು, ಯಾರು ಒಪ್ಪಿದರು ಅಂತ ಒಂದು ಸಾಲು ಬರೆದಿಡಿ. ಹೊಸ ಯೋಜನೆಗೆ ಹೋಲಿಸಿದರೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಕೆಲವು ತಿಂಗಳಾದ ಮೇಲೆ, ವರ್ಗಾವಣೆಗೆ ಮೊದಲು ಹಾಕಿದ ಅಂದಾಜು ಎಷ್ಟು ತಪ್ಪಿತ್ತು ಅಂತ ನೋಡಬೇಕಾದಾಗ ಹಳೆಯ ಹಾಳೆಯೇ ಬೇಕು.